ಪಿಜಿ ಮನೆಯ ಕರಾರು: ಹೊರಡುವ ದಿನದಿಂದ ಹಿಂದಕ್ಕೆ ಬರೆಯಿರಿ

ಹಾಸನದ ಸಾಲಗಾಮೆ ರಸ್ತೆ ಬಿಟ್ಟು ಒಳಗಿನ ಬೀದಿಗಳಿಗೆ ತಿರುಗಿದರೆ ನಾಲ್ಕು ಗೇಟಿಗೊಂದು ಬೋರ್ಡು ಕಾಣುತ್ತದೆ. 'ಲೇಡೀಸ್ ಪಿಜಿ, ಊಟ ವಸತಿ ಇದೆ' ಅಂತ. ಅಂಥ ಮನೆಗಳಲ್ಲಿ ನಮ್ಮದೂ ಒಂದು. ಮಹಡಿ ಮೇಲೆ ಮೂರು ರೂಮು, ರೂಮಿಗೆ ಮೂರು ಮಂಚ, ಒಟ್ಟು ಒಂಬತ್ತು ಹುಡುಗಿಯರು. ಇಂಜಿನಿಯರಿಂಗ್ ಓದುವವರು ಇದ್ದಾರೆ, ನರ್ಸಿಂಗ್‌ನವರು ಇದ್ದಾರೆ, ಪಿಯುಸಿಯವರೂ ಇಬ್ಬರು ಇದ್ದಾರೆ. ಕೆಳಗೆ ನಾವು.

ಮೊದಲ ಎರಡು ವರ್ಷ ಕಾಗದ ಅಂತ ಏನೂ ಇರಲಿಲ್ಲ. ಎಲ್ಲ ಬಾಯಿ ಮಾತು. ಬಾಡಿಗೆ ಎಷ್ಟು, ಊಟ ಎಷ್ಟು ಹೊತ್ತಿಗೆ, ಬಿಡುವಾಗ 'ಒಂದು ತಿಂಗಳು ಮುಂಚೆ ಹೇಳಬೇಕು' ಅಂತ ಹೇಳಿ ಕೀ ಕೊಟ್ಟುಬಿಡುತ್ತಿದ್ದೆ. ಜಗಳ ಆಗಿದ್ದು ಆ ಕೊನೆಯ ಮಾತಿನಿಂದಲೇ.

ಅರಕಲಗೂಡು ಕಡೆಯ ಒಬ್ಬ ಹುಡುಗಿ ನವೆಂಬರ್ 12ಕ್ಕೆ 'ಆಂಟಿ, ನಾನು ರೂಮು ಬಿಡ್ತೀನಿ' ಅಂದಳು. ನವೆಂಬರ್ 30ಕ್ಕೆ ಸಾಮಾನು ಸಾಗಿಸಿದಳು. ಡಿಸೆಂಬರ್ 12ರವರೆಗಿನ ಹಣ ಹಿಡಿದುಕೊಂಡು ಉಳಿದ ಅಡ್ವಾನ್ಸ್ ಕೊಡುತ್ತಾರೆ ಅಂತ ಅವಳ ಲೆಕ್ಕ. ನಾನು ತಿಂಗಳು ಅಂದರೆ ಒಂದನೇ ತಾರೀಕಿನಿಂದ ಅಂದುಕೊಂಡಿದ್ದೆ. ನವೆಂಬರ್ ಮಧ್ಯದಲ್ಲಿ ಹೇಳಿದರೆ ಡಿಸೆಂಬರ್ ಪೂರ್ತಿ ಕೊಡಬೇಕು ಅನ್ನೋದು ನನ್ನ ಲೆಕ್ಕ. ಹಾಗಾಗಿ ಅಡ್ವಾನ್ಸಿಗೂ ಆ ಬಾಡಿಗೆಗೂ ಸರಿಹೋಯಿತು ಅಂದುಬಿಟ್ಟೆ. ವಾರ ಬಿಟ್ಟು ಅವರಪ್ಪ ಬಂದರು. ಕೂಗಾಡಲಿಲ್ಲ. ಜಗಲಿ ಮೇಲೆ ಕೂತು ಕಾಫಿ ಕುಡಿದರು. ಅಷ್ಟರಲ್ಲಿ ಅವರ ಮಗಳ ಮಂಚಕ್ಕೆ ಬಂದಿದ್ದ ಹೊಸ ಹುಡುಗಿ ಬಕೆಟ್ ಹಿಡಿದು ಮೆಟ್ಟಿಲು ಹತ್ತಿದಳು. ಅವಳನ್ನು ನೋಡಿ ಕೇಳಿದರು: 'ಒಂದು ಮಂಚಕ್ಕೆ ಎರಡು ಬಾಡಿಗೆಯಾ ತಾಯಿ?' ನನ್ನ ಹತ್ತಿರ ಉತ್ತರ ಇರಲಿಲ್ಲ. ಹಣ ವಾಪಸ್ ಕೊಟ್ಟೆ, ಆ ರಾತ್ರಿಯೇ ಒಂದು ನೋಟ್‌ಬುಕ್ ತೆಗೆದುಕೊಂಡು ಕೂತೆ.

ಆವತ್ತಿನಿಂದ ನಾನು ಕರಾರನ್ನು ತಲೆಕೆಳಗಾಗಿ ಬರೆಯುತ್ತೇನೆ. ಮೊದಲು ಹುಡುಗಿ ಹೊರಡುವ ದಿನ, ಕೊನೆಗೆ ಬರುವ ದಿನ. ಹೊರಡುವ ದಿನ ಯಾರಿಗೆ ಎಷ್ಟು ಅನ್ನೋದು ಗೊತ್ತಾಗಬೇಕಾದರೆ ಬಾಡಿಗೆ, ಊಟ, ಅಡ್ವಾನ್ಸ್ ಎಲ್ಲವೂ ಒಂದೊಂದಾಗಿ ಬಿಡಿಸಿಕೊಳ್ಳಲೇಬೇಕಾಗುತ್ತದೆ. ಹೊಸದಾಗಿ ಪಿಜಿ ಶುರು ಮಾಡುವವರಿಗೆ ಇದನ್ನು ಬರೆಯುತ್ತಿದ್ದೇನೆ. ರೂಮು ಹುಡುಕುವ ಮಕ್ಕಳೂ ಅವರ ಮನೆಯವರೂ ಇದೇ ಕ್ರಮದಲ್ಲಿ ಪ್ರಶ್ನೆ ಕೇಳಬಹುದು.

ಹೆಜ್ಜೆ 1: ನೋಟಿಸನ್ನು ದಿನಗಳಲ್ಲಿ ಎಣಿಸಿ

'ಒಂದು ತಿಂಗಳು' ಅನ್ನೋ ಪದವನ್ನೇ ಬಿಟ್ಟುಬಿಡಿ. '30 ದಿನ' ಅಂತ ಬರೆಯಿರಿ. ಎಲ್ಲಿಂದ ಎಣಿಸಬೇಕು ಅನ್ನೋದನ್ನೂ ಬರೆಯಿರಿ. ನಮ್ಮ ಕರಾರಿನಲ್ಲಿ ಇರುವ ಸಾಲುಗಳು ಇವು:

> ರೂಮು ಬಿಡುವವರು 30 ದಿನ ಮುಂಚೆ ವಾಟ್ಸಾಪ್‌ನಲ್ಲಿ ಬರೆದು ತಿಳಿಸಬೇಕು. ತಿಂಗಳ ಯಾವ ತಾರೀಕಿನಲ್ಲಾದರೂ ತಿಳಿಸಬಹುದು. ತಿಳಿಸಿದ ಮರುದಿನವೇ ಒಂದನೇ ದಿನ. 30 ದಿನಕ್ಕೆ ಮುಂಚೆ ಖಾಲಿ ಮಾಡಿದರೆ ಉಳಿದ ದಿನಗಳಿಗೆ ಜಾಗದ ಬಾಡಿಗೆ ಮಾತ್ರ ಕೊಡಬೇಕು, ಊಟದ ಹಣ ಬೇಡ. ಆ ಮಂಚಕ್ಕೆ ಬೇರೆಯವರು ಬಂದ ದಿನದಿಂದ ಜಾಗದ ಬಾಡಿಗೆಯೂ ಬೇಡ.

ವಾಟ್ಸಾಪ್ ಯಾಕೆ ಅಂದರೆ, ಅದರಲ್ಲಿ ತಾರೀಕು ತಾನೇ ಬೀಳುತ್ತದೆ. ಮೆಟ್ಟಿಲ ಮೇಲೆ ಎದುರಾದಾಗ 'ಮುಂದಿನ ತಿಂಗಳು ಬಿಡಬಹುದು ಆಂಟಿ' ಅಂದಿದ್ದು ನೋಟಿಸ್ ಅಲ್ಲ. ಆ ಮಾತಿಗೆ ನಾನು 'ಆಯ್ತು ಕಣಮ್ಮ, ಮೆಸೇಜ್ ಹಾಕಿಬಿಡು' ಅನ್ನುತ್ತೇನೆ. ಮೆಸೇಜ್ ಬಂದ ಮೇಲೆ ನಾನೂ ಒಂದು ಸಾಲು ವಾಪಸ್ ಬರೆಯುತ್ತೇನೆ: 'ನಿನ್ನ ಕೊನೆಯ ದಿನ ಡಿಸೆಂಬರ್ 12.' ಈ ಉತ್ತರ ಬಹಳ ಮುಖ್ಯ. ಎಣಿಕೆ ತಪ್ಪಿದ್ದರೆ ಆವತ್ತೇ ಗೊತ್ತಾಗುತ್ತದೆ, ಸಾಮಾನು ಕಟ್ಟಿದ ಮೇಲಲ್ಲ.

ಇನ್ನು ಮಾಲೀಕರು ಖಾಲಿ ಮಾಡಿಸುವುದಾದರೆ? ಅದಕ್ಕೂ 30 ದಿನವೇ. ಬಹಳ ಕರಾರುಗಳಲ್ಲಿ ಈ ಸಾಲೇ ಇರುವುದಿಲ್ಲ, ಗಮನಿಸಿ ನೋಡಿ. ನಾವು ಇನ್ನೊಂದು ಮಾತು ಸೇರಿಸಿದ್ದೇವೆ: ಪರೀಕ್ಷೆ ನಡೆಯುತ್ತಿರುವಾಗ ಆ 30 ದಿನ ಮುಗಿದರೂ ಕೊನೆಯ ಪೇಪರ್ ಆಗುವವರೆಗೆ ಖಾಲಿ ಮಾಡಿಸುವುದಿಲ್ಲ.

'ವರ್ಷ ಪೂರ್ತಿ ಇರಲೇಬೇಕು, ಮಧ್ಯೆ ಬಿಟ್ಟರೆ ಅಡ್ವಾನ್ಸ್ ಪೂರ್ತಿ ಹೋಯಿತು' ಅಂತ ಬರೆಸಿಕೊಳ್ಳುವವರೂ ಇದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಕಾನೂನಿನ ಮುಂದೆಯೂ ಅದು ಅಷ್ಟು ಗಟ್ಟಿಯಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಕರಾರಿನಲ್ಲಿ ಬರೆದ ದಂಡ ಅನ್ನೋದು ಗರಿಷ್ಠ ಮಿತಿ ಅಷ್ಟೇ. ಅದರೊಳಗೆ ನ್ಯಾಯ ಅನ್ನಿಸುವಷ್ಟು ಪರಿಹಾರ ಕೇಳಬಹುದೇ ಹೊರತು, ಬರೆದಿದೆ ಅಂತ ಪೂರ್ತಿ ಹಣ ತಾನಾಗೇ ನಮ್ಮದಾಗುವುದಿಲ್ಲ.

ಹೆಜ್ಜೆ 2: ಬಾಡಿಗೆಯನ್ನು ಎರಡು ಭಾಗ ಮಾಡಿ

ಮೇಲಿನ ಸಾಲಿನಲ್ಲಿ 'ಜಾಗದ ಬಾಡಿಗೆ ಮಾತ್ರ' ಅಂತ ಬಂತಲ್ಲ, ಅದು ಎಷ್ಟು ಅಂತ ಕಾಗದದಲ್ಲಿ ಇಲ್ಲದಿದ್ದರೆ ಆ ಸಾಲಿಗೆ ಅರ್ಥವೇ ಇಲ್ಲ. 'ಊಟ ವಸತಿ ಸೇರಿ ಇಷ್ಟು' ಅನ್ನೋ ಒಂದೇ ಅಂಕಿ ಬೋರ್ಡಿಗೆ ಸಾಕು, ಕರಾರಿಗೆ ಸಾಲದು.

ನಮ್ಮ ಮನೆಯಲ್ಲಿ ತಿಂಗಳಿಗೆ 6,600 ರೂಪಾಯಿ. ಅದರಲ್ಲಿ ಜಾಗಕ್ಕೆ 3,600, ಊಟಕ್ಕೆ 3,000. ತಿಂಗಳಲ್ಲಿ 28 ದಿನ ಇರಲಿ, 31 ಇರಲಿ, ಲೆಕ್ಕಕ್ಕೆ 30 ದಿನ ಅಂತಲೇ ಬರೆದಿದ್ದೇವೆ. ಅಲ್ಲಿಗೆ ದಿನಕ್ಕೆ ಜಾಗಕ್ಕೆ 120, ಊಟಕ್ಕೆ 100. ನಿಮ್ಮ ಬೀದಿಯಲ್ಲಿ ದರ ಬೇರೆ ಇರಬಹುದು, ಆದರೆ ಭಾಗ ಮಾಡುವ ಕ್ರಮ ಇದೇ.

ಈಗ ಆ ಅರಕಲಗೂಡಿನ ಹುಡುಗಿಯ ಲೆಕ್ಕವನ್ನು ಈಗಿನ ದರದಲ್ಲಿ, ಈಗಿನ ಕರಾರಿನಂತೆ ಮಾಡಿ ನೋಡೋಣ. ಮೆಸೇಜ್ ಹಾಕಿದ್ದು ನವೆಂಬರ್ 12. ಒಂದನೇ ದಿನ 13. ನವೆಂಬರ್‌ನಲ್ಲಿ 18 ದಿನ, ಡಿಸೆಂಬರ್‌ನಲ್ಲಿ 12 ದಿನ, ಒಟ್ಟು 30. ಕೊನೆಯ ದಿನ ಡಿಸೆಂಬರ್ 12. ನವೆಂಬರ್ ಬಾಡಿಗೆ ಮೊದಲೇ ಕೊಟ್ಟಾಗಿದೆ. ಅವಳು 30ಕ್ಕೇ ಹೋದಳು, ಹಾಗಾಗಿ ಡಿಸೆಂಬರ್‌ನ 12 ದಿನಕ್ಕೆ ಜಾಗದ ಬಾಡಿಗೆ ಮಾತ್ರ: 120ರಂತೆ 1,440. ಆದರೆ ಡಿಸೆಂಬರ್ 6ಕ್ಕೆ ಹೊಸ ಹುಡುಗಿ ಬಂದಳು. ಅಂದರೆ ಮಂಚ ಖಾಲಿ ಇದ್ದದ್ದು 1ರಿಂದ 5ರವರೆಗೆ, ಬರೀ ಐದು ದಿನ. ಐದು ದಿನಕ್ಕೆ 600 ರೂಪಾಯಿ. ಅಡ್ವಾನ್ಸ್ 6,600ರಲ್ಲಿ 600 ಕಳೆಯಿರಿ, ರೂಮು ತೊಳೆಸುವ 500 ಕಳೆಯಿರಿ, ಉಳಿದ 5,500 ಅವಳಿಗೆ ವಾಪಸ್. ನನ್ನ ಹಳೇ ಲೆಕ್ಕದಲ್ಲಿ ಅವಳಿಗೆ ಸಿಗುತ್ತಿದ್ದದ್ದು ಸೊನ್ನೆ. ಒಂದೇ ಮಾತನ್ನು ಎರಡು ಥರ ಕೇಳಿಸಿಕೊಂಡಿದ್ದಕ್ಕೆ ಇಷ್ಟು ವ್ಯತ್ಯಾಸ.

ಮಂಚ ತುಂಬಿದ ದಿನ ಹಳೇ ಹುಡುಗಿಗೆ ಹೇಗೆ ಗೊತ್ತಾಗಬೇಕು? ರೂಮಿನಲ್ಲಿ ಉಳಿದ ಗೆಳತಿಯರಿಂದ ಹೇಗೂ ಗೊತ್ತಾಗುತ್ತದೆ! ಆದರೂ ನಾನೇ ಮೊದಲು ಮೆಸೇಜ್ ಹಾಕುತ್ತೇನೆ. ಅವಳ ಗೆಳತಿಯನ್ನೇ ಆ ಜಾಗಕ್ಕೆ ಕರೆತಂದರೆ ಅದನ್ನೂ ಒಪ್ಪುತ್ತೇನೆ. ನನಗೆ ಹುಡುಕುವ ಕೆಲಸ ತಪ್ಪುತ್ತದೆ.

ಸೆಮಿಸ್ಟರ್ ರಜೆ ಬಂದಾಗಲೂ ಈ ಎರಡು ಭಾಗ ಉಪಯೋಗಕ್ಕೆ ಬರುತ್ತದೆ. ಇಡೀ ತಿಂಗಳು ಊರಿಗೆ ಹೋಗುವವರು ಜಾಗದ 3,600 ಮಾತ್ರ ಕೊಟ್ಟು ಮಂಚ ಉಳಿಸಿಕೊಳ್ಳಬಹುದು.

ಕರೆಂಟಿನ ಬಗ್ಗೆ ಒಂದೇ ಮಾತು. ಹಾಸನದಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ ಕವಿದಿರುವ ದಿನಗಳೇ ಜಾಸ್ತಿ, ಸೋಲಾರ್ ನೀರು ಉಗುರುಬೆಚ್ಚಗೂ ಆಗುವುದಿಲ್ಲ. ಗೀಸರ್ ಹಾಕಲೇಬೇಕು. ಆ ಬಿಲ್ಲು ಬಾಡಿಗೆಯಲ್ಲೇ ಸೇರಿದೆಯೋ, ಮೀಟರ್ ನೋಡಿ ಹಂಚುತ್ತೀರೋ ಅಂತ ಮೊದಲೇ ಬರೆಯಿರಿ. ನಾವು ಸೇರಿಸಿಬಿಟ್ಟಿದ್ದೇವೆ, ಆದರೆ ರೂಮಿನಲ್ಲಿ ವಾಟರ್ ಹೀಟರ್ ರಾಡ್ ಮತ್ತು ಇಂಡಕ್ಷನ್ ಒಲೆ ಬೇಡ ಅಂದಿದ್ದೇವೆ.

ಬಾಡಿಗೆ ಮೇಲೆ ಜಿಎಸ್‌ಟಿ ಅಂತ ಯಾರಾದರೂ ಸೇರಿಸಿದರೆ ಕಾರಣ ಕೇಳಿ. ತಲೆಗೆ ತಿಂಗಳಿಗೆ 20,000 ರೂಪಾಯಿಯೊಳಗೆ ಇದ್ದು, ಸತತ 90 ದಿನಕ್ಕಾದರೂ ಕೊಟ್ಟ ವಸತಿಗೆ 2024ರ ಜುಲೈನಿಂದ ಜಿಎಸ್‌ಟಿ ವಿನಾಯಿತಿ ಇದೆ. ನಮ್ಮ ಊರಿನ ವಿದ್ಯಾರ್ಥಿ ಪಿಜಿಗಳ ಬಾಡಿಗೆ ಆ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ.

ಹೆಜ್ಜೆ 3: ಅಡ್ವಾನ್ಸ್ ವಾಪಸಿಗೆ ತಾರೀಕು ಹಾಕಿ

ಎಷ್ಟು ತೆಗೆದುಕೊಂಡಿರಿ ಅನ್ನೋದು ಎಲ್ಲರೂ ಬರೆಯುತ್ತಾರೆ. ಯಾವಾಗ ಕೊಡುತ್ತೀರಿ ಅನ್ನೋದು ಯಾರೂ ಬರೆಯುವುದಿಲ್ಲ. 'ಹೊಸಬರು ಬಂದ ಮೇಲೆ ಕೊಡ್ತೀವಿ' ಅನ್ನೋದು ಮಾಮೂಲಿ ಮಾತು. ಹೊಸಬರು ಬರೋದು ಜೂನ್‌ನಲ್ಲೋ ಆಗಸ್ಟ್‌ನಲ್ಲೋ, ಹುಡುಗಿ ಹೋಗಿರೋದು ಜನವರಿಯಲ್ಲಿ. ನಾವು ಬರೆದಿರುವುದು ಹೀಗೆ: ಕೀ ವಾಪಸ್ ಕೊಟ್ಟ 7 ದಿನದೊಳಗೆ, ಅಥವಾ ನೋಟಿಸಿನ 30 ದಿನ ಮುಗಿದ ಮೇಲೆ, ಇವೆರಡರಲ್ಲಿ ಯಾವುದು ತಡವೋ ಆವತ್ತು. ಹಣ ಬಂದ ಖಾತೆಗೇ ವಾಪಸ್ ಹೋಗುತ್ತದೆ. ಅಪ್ಪ ಕಳಿಸಿದ ಹಣವನ್ನು ಮಗಳ ಕೈಗೆ ನಗದಾಗಿ ಕೊಟ್ಟು ನಾನೊಮ್ಮೆ ಪೇಚಿಗೆ ಸಿಕ್ಕಿದ್ದೇನೆ.

ಏನೇನು ಕಳೆಯುತ್ತೀರಿ ಅನ್ನೋದಕ್ಕೆ ಪಟ್ಟಿ ಚಿಕ್ಕದಿರಲಿ, ಅಂಕಿ ಇರಲಿ. 'ಮೆಂಟೆನೆನ್ಸ್' ಅನ್ನೋ ಒಂದು ಪದದಲ್ಲಿ ಸುಣ್ಣ ಬಣ್ಣದಿಂದ ಹಿಡಿದು ಫ್ಯಾನ್ ರಿಪೇರಿವರೆಗೆ ಎಲ್ಲವೂ ತೂರಿಕೊಳ್ಳುತ್ತದೆ. ನಾವು ತೊಳೆಸಲು 500 ಅಂತ ಬರೆದಿದ್ದೇವೆ. ಕೀ ಕಳೆದರೆ ಹೊಸ ಬೀಗದ ಬಿಲ್ಲು. ಒಡೆದದ್ದಕ್ಕೆ ಅದರ ಬಿಲ್ಲು. ಬಂದ ದಿನವೇ ಹುಡುಗಿಯ ಕೈಯಲ್ಲೇ ರೂಮಿನ ವಿಡಿಯೋ ಮಾಡಿಸಿ ನನಗೆ ಕಳಿಸಲು ಹೇಳುತ್ತೇನೆ. ಮಂಚ, ಬೀರು, ಕಿಟಕಿ ಗಾಜು, ಬಚ್ಚಲಿನ ನಲ್ಲಿ, ಸ್ವಿಚ್ ಬೋರ್ಡು, ಇಷ್ಟು ಕಾಣಬೇಕು. ಎರಡು ನಿಮಿಷದ ಕೆಲಸ.

ಹೆಜ್ಜೆ 4: ಊಟ

ಪಿಜಿಯಲ್ಲಿ ದಿನಾ ಮನಸ್ತಾಪ ಆಗುವುದು ಊಟದಲ್ಲೇ, ಅದರಲ್ಲೂ ತಿನ್ನದ ಊಟದಲ್ಲಿ. ಹಾಸನದ ಮಕ್ಕಳು ಬೆಂಗಳೂರಿನವರ ಹಾಗಲ್ಲ. ಬೇಲೂರು, ಸಕಲೇಶಪುರ, ಹೊಳೆನರಸೀಪುರ, ಚನ್ನರಾಯಪಟ್ಟಣ, ಎಲ್ಲ ಬಸ್ಸು ಹತ್ತಿದರೆ ಸಿಗುವ ಊರುಗಳು. ಶನಿವಾರ ಮಧ್ಯಾಹ್ನ ಬ್ಯಾಗ್ ಹೆಗಲಿಗೇರುತ್ತದೆ, ಸೋಮವಾರ ಬೆಳಿಗ್ಗೆ ಸೀದಾ ಕಾಲೇಜಿಗೆ ಇಳಿಯುತ್ತಾರೆ.

ಶುರುವಿನಲ್ಲಿ ಯಾರು ಹೋಗುತ್ತಾರೆ, ಯಾರು ಇರುತ್ತಾರೆ ಅಂತ ನನಗೆ ಗೊತ್ತಾಗುತ್ತಿರಲಿಲ್ಲ. ಒಂಬತ್ತು ಜನಕ್ಕೆ ಒಂದು ಕೆಜಿ ಅಕ್ಕಿ ಇಟ್ಟರೆ ಶನಿವಾರ ರಾತ್ರಿ ಊಟಕ್ಕೆ ಇಳಿಯುತ್ತಿದ್ದದ್ದು ನಾಲ್ಕು ಜನ. ಅರ್ಧ ಪಾತ್ರೆ ಅನ್ನ ಹಾಗೇ. ಬೆಳಿಗ್ಗೆ ಒಂದಿಷ್ಟು ಚಿತ್ರಾನ್ನ ಆಗುತ್ತಿತ್ತು, ಉಳಿದದ್ದು ಪಕ್ಕದ ಮನೆ ಹಸುವಿನ ಮುಸುರೆ ಬಾನಿಗೆ. ಅತ್ತ ಊರಿಗೆ ಹೋದ ಹುಡುಗಿಯರು 'ತಿನ್ನದ ಊಟಕ್ಕೆ ಯಾಕೆ ಹಣ?' ಅಂತ ಕೇಳುತ್ತಿದ್ದರು. ಇಬ್ಬರದೂ ನ್ಯಾಯವೇ.

ಇದಕ್ಕೆ ದಾರಿ ಕಂಡದ್ದು ಊಟದ 100 ರೂಪಾಯಿಯನ್ನೂ ಬಿಡಿಸಿ ನೋಡಿದಾಗ. ನಮ್ಮಲ್ಲಿ ತಿಂಡಿಗೆ 25, ಮಧ್ಯಾಹ್ನದ ಬುತ್ತಿಗೆ 35, ರಾತ್ರಿ ಊಟಕ್ಕೆ 40. ಆದರೆ ಈ 100ರಲ್ಲಿ ಅಕ್ಕಿ, ಬೇಳೆ, ತರಕಾರಿ, ಹಾಲಿಗೆ ಹೋಗುವುದು ಸುಮಾರು 60. ಉಳಿದ 40 ಗ್ಯಾಸು ಮತ್ತು ಅಡುಗೆಯವರ ಸಂಬಳ. ಒಂಬತ್ತರಲ್ಲಿ ಇಬ್ಬರು ಉಣ್ಣದಿದ್ದರೆ ಉಳಿಯುವುದು ಅಕ್ಕಿ ಬೇಳೆ ಮಾತ್ರ. ಅಡುಗೆಯವರು ಎರಡು ಜನದ ಸಂಬಳ ಬಿಡುವುದಿಲ್ಲವಲ್ಲ. ಹಾಗಾಗಿ ತಿನ್ನದ ದಿನಕ್ಕೆ ವಾಪಸ್ ಕೊಡುವುದು 100 ಅಲ್ಲ, 60. ಈ ಲೆಕ್ಕವನ್ನು ಹುಡುಗಿಯರ ಮುಂದೆ ಬಿಡಿಸಿ ಹೇಳಿದ ಮೇಲೆ ಒಬ್ಬರೂ ಜಗಳ ತೆಗೆದಿಲ್ಲ.

ಆಮೇಲೆ ಎರಡು ದಾರಿ ಇಟ್ಟೆವು. ಯಾವಾಗಲೋ ಒಮ್ಮೆ ಹೋಗುವವರು ಸತತ ಮೂರು ದಿನ ಅಥವಾ ಜಾಸ್ತಿ ಇಲ್ಲದಿದ್ದರೆ, ಹಿಂದಿನ ದಿನ ಸಂಜೆ 6ರೊಳಗೆ ಹೇಳಿದ್ದರೆ, ದಿನಕ್ಕೆ 60 ಕಡಿತ. ಸಂಜೆ 6 ಯಾಕೆ ಅಂದರೆ, ದೋಸೆಗೆ ಅಕ್ಕಿ ರುಬ್ಬುವುದು, ಕಾಳು ನೆನೆಹಾಕುವುದು ಆ ಹೊತ್ತಿಗೆ. ಪ್ರತಿ ವಾರ ಹೋಗುವವರಿಗೆ ಬೇರೆಯೇ ದರ. ಅವರು ಬಿಡುವ ಊಟ ಎಣಿಸಿದರೆ ಶನಿವಾರ ರಾತ್ರಿ, ಭಾನುವಾರ ಮೂರು ಹೊತ್ತು, ಸೋಮವಾರದ ತಿಂಡಿ. ವಾರಕ್ಕೆ 165 ರೂಪಾಯಿಯ ಊಟ, ನಾಲ್ಕು ವಾರಕ್ಕೆ 660. ಅದರಲ್ಲಿ ದಿನಸಿ ಪಾಲು ನೂರಕ್ಕೆ ಅರವತ್ತು, ಅಂದರೆ 400ರ ಹತ್ತಿರ. ಅದಕ್ಕೆ ಅವರಿಗೆ ತಿಂಗಳಿಗೆ 6,600 ಅಲ್ಲ, 6,200. ದಿನಾ ಹೇಳುವ ಕೇಳುವ ರಗಳೆ ಇಲ್ಲ. ಒಂದು ವಾರ ಉಳಿದುಕೊಂಡರೆ ಆ ಹೊತ್ತಿನ ಊಟಕ್ಕೆ ಹಣ ಕೊಟ್ಟು ಉಣ್ಣುತ್ತಾರೆ. ಈಗ ಶನಿವಾರ ರಾತ್ರಿ ಅರ್ಧ ಕೆಜಿ ಅಕ್ಕಿ ಸಾಕು.

ಊಟದಲ್ಲಿ ಬರೆಯಲೇಬೇಕಾದ್ದು ಇನ್ನೂ ಸ್ವಲ್ಪ ಇದೆ. ಯಾವುದು ಬೇಕಾದಷ್ಟು, ಯಾವುದು ಎಣಿಕೆ? ನಮ್ಮಲ್ಲಿ ಅನ್ನ, ಸಾರು, ಮಜ್ಜಿಗೆ ಬೇಕಾದಷ್ಟು. ಚಪಾತಿ ಮೂರು, ಮುದ್ದೆ ಒಂದು. ಮುದ್ದೆ ತಿನ್ನದವರಿಗೆ ಅದೇ ದಿನ ಬೇರೆ ಅಡುಗೆ ಇಲ್ಲ, ಅನ್ನ ಇರುತ್ತದೆ. ನಮ್ಮ ಅಡುಗೆಮನೆಯಲ್ಲಿ ಮಾಂಸ ಮಾಡುವುದಿಲ್ಲ, ಹೊರಗಿಂದ ತಂದು ರೂಮಿನಲ್ಲಿ ತಿನ್ನುವುದಕ್ಕೆ ಅಡ್ಡಿಯಿಲ್ಲ ಅಂತಲೂ ಬರೆದಿದ್ದೇವೆ. ಮಾಡಲ್ಲ ಅನ್ನುವುದಾದರೆ ಮೊದಲೇ ಹೇಳಿ. ಬಂದು ವಾರ ಆದ ಮೇಲೆ ಹೇಳಿದರೆ ಅದು ಬೇಸರಕ್ಕೆ ದಾರಿ. ಜ್ವರ ಬಂದವರಿಗೆ ಗಂಜಿ ಇದೆ, ಅದಕ್ಕೆ ಲೆಕ್ಕ ಇಲ್ಲ. ಯುಗಾದಿ, ಗೌರಿ ಗಣೇಶ, ದೀಪಾವಳಿಗೆ ಅಡುಗೆಯವರಿಗೆ ರಜೆ. ಆ ದಿನಗಳಲ್ಲಿ ಅಡುಗೆ ಆಗದಿದ್ದರೆ 60 ಅಲ್ಲ, ಪೂರ್ತಿ 100 ಕಡಿತ, ಯಾಕೆಂದರೆ ನಿಲ್ಲಿಸಿದ್ದು ನಾವು.

ರೂಮು ಹುಡುಕುವ ಮಕ್ಕಳಿಗೆ ಒಂದು ಮಾತು. ಊಟ ಹೇಗಿದೆ ಅಂತ ಮಾಲೀಕರನ್ನು ಕೇಳಬೇಡಿ. ಅಲ್ಲೇ ಇರುವ ಹುಡುಗಿಯನ್ನು 'ಭಾನುವಾರ ರಾತ್ರಿ ಏನು ಕೊಡ್ತಾರೆ?' ಅಂತ ಕೇಳಿ. ಎಷ್ಟೋ ಪಿಜಿಗಳಲ್ಲಿ ಭಾನುವಾರ ರಾತ್ರಿ ಒಲೆ ಹಚ್ಚುವುದಿಲ್ಲ, ಅದು ಬೋರ್ಡಿನಲ್ಲಿ ಇರುವುದೂ ಇಲ್ಲ. ಸಾಧ್ಯವಾದರೆ ರಾತ್ರಿ ಎಂಟರ ಹೊತ್ತಿಗೆ ಹೋಗಿ ಒಂದು ಊಟಕ್ಕೆ ಹಣ ಕೊಟ್ಟು ಉಂಡು ನೋಡಿ. ಕೊನೆಯ ಪಂಕ್ತಿಗೆ ಸಾರಿಗೆ ನೀರು ಬಿದ್ದಿದೆಯೋ ಇಲ್ಲವೋ ಒಂದೇ ತುತ್ತಿಗೆ ಗೊತ್ತಾಗುತ್ತದೆ.

ಹೆಜ್ಜೆ 5: ಬಂದು ಹೋಗುವವರು

ಇದರಲ್ಲಿ ನಾನು ಕಲಿತದ್ದು ಹಾಸನಾಂಬೆಯಿಂದ. ದೇವಸ್ಥಾನದ ಬಾಗಿಲು ತೆಗೆಯುವುದು ವರ್ಷಕ್ಕೊಂದೇ ಸಲ, ದೀಪಾವಳಿ ಹೊತ್ತಿನ ಕೆಲವು ದಿನ. ಆಗ ಊರಿಗೆ ಊರೇ ಜನ. ಲಾಡ್ಜ್‌ಗಳಲ್ಲಿ ಜಾಗ ಸಿಗುವುದಿಲ್ಲ. ಮಗಳು ಹಾಸನದಲ್ಲೇ ಇದ್ದಾಳೆ ಅಂದಮೇಲೆ ಮನೆಯವರು ಎಲ್ಲಿಗೆ ಬರುತ್ತಾರೆ ಹೇಳಿ? ಒಂದು ವರ್ಷ ಒಬ್ಬಳ ಅಮ್ಮ, ಚಿಕ್ಕಮ್ಮ, ಅಜ್ಜಿ, ಎರಡು ಮಕ್ಕಳು ರಾತ್ರಿ ಬಂದರು. ಇನ್ನೊಬ್ಬಳ ಅಮ್ಮ, ಅತ್ತಿಗೆ. ಬೆಳಗಿನ ಜಾವ ದರ್ಶನದ ಸಾಲಿಗೆ ಹೋಗಬೇಕು ಅಂತ ಮೂರೂವರೆಗೆಲ್ಲ ಸ್ನಾನ ಶುರುವಾಯಿತು. ನಮ್ಮದು ಸಾವಿರ ಲೀಟರ್ ಟ್ಯಾಂಕು. ಆರು ಗಂಟೆಗೆ ನರ್ಸಿಂಗ್ ಹುಡುಗಿ ಸೋಪು ಹಚ್ಚಿಕೊಂಡು ನಿಂತಿದ್ದಾಳೆ, ನಲ್ಲಿಯಲ್ಲಿ ಗಾಳಿ ಬರುತ್ತಿದೆ. ಆವತ್ತು ಅವಳಿಗೆ ಪ್ರಾಕ್ಟಿಕಲ್ ಪರೀಕ್ಷೆ.

ಬಂದವರನ್ನು ಬೇಡ ಅನ್ನಲಾಗುವುದಿಲ್ಲ, ದೇವರ ದರ್ಶನಕ್ಕೆ ಬಂದವರು. ಆದರೆ ರೂಮಿನಲ್ಲಿ ಇನ್ನಿಬ್ಬರೂ ಬಾಡಿಗೆ ಕೊಟ್ಟೇ ಇದ್ದಾರೆ. ಹಾಗಾಗಿ ರಾತ್ರಿ ಉಳಿಯುವುದಕ್ಕೆ ನಾವು ಹೀಗೆ ಬರೆದೆವು:

> ತಾಯಿ, ಅಜ್ಜಿ ಅಥವಾ ಅಕ್ಕತಂಗಿ, ಒಂದು ಸಲಕ್ಕೆ ಒಬ್ಬರು, ತಿಂಗಳಿಗೆ ಎರಡು ರಾತ್ರಿ ಉಳಿಯಬಹುದು. ರೂಮಿನ ಉಳಿದವರನ್ನು ಕೇಳಿರಬೇಕು. ಹಿಂದಿನ ದಿನ ಸಂಜೆ 6ರೊಳಗೆ ಮಾಲೀಕರಿಗೆ ತಿಳಿಸಬೇಕು. ಊಟ ಮಾಡಿದರೆ ಆ ಹೊತ್ತಿನ ಹಣ ಮಾತ್ರ. ಹಾಸನಾಂಬೆ ದರ್ಶನದ ದಿನಗಳಲ್ಲಿ ಇಡೀ ಮನೆಗೆ ಒಂದು ರಾತ್ರಿಗೆ ಇಬ್ಬರು ಅತಿಥಿಗಳು, ಮೊದಲು ಹೆಸರು ಬರೆಸಿದವರಿಗೆ.

ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಹೆಸರು ಬರೆಯುತ್ತಾರೆ. ಒಂದೊಂದು ವರ್ಷ ಆಗಸ್ಟ್‌ನಲ್ಲೇ ಆ ಚೌಕಗಳು ತುಂಬಿರುತ್ತವೆ.

ಹಗಲಿನಲ್ಲಿ ಬರುವವರದು ಸುಲಭ. ಗೆಳತಿಯರು ಮೇಲಕ್ಕೆ ಹೋಗಬಹುದು, ಸಂಜೆ ಏಳೂವರೆವರೆಗೆ. ಅಪ್ಪ, ಅಣ್ಣ, ಸಹಪಾಠಿ ಹುಡುಗರು ಕೆಳಗಿನ ಹಾಲಿನಲ್ಲಿ ಕೂತು ಮಾತಾಡಬಹುದು. 'ಗಂಡಸರಿಗೆ ಪ್ರವೇಶವಿಲ್ಲ' ಅಂತ ದಪ್ಪಕ್ಷರದಲ್ಲಿ ಬರೆದರೆ ಏನಾಗುತ್ತದೆ ಅಂದರೆ, ಮಗಳ ಗಂಟುಮೂಟೆ ಹೊತ್ತು ತಂದ ಅಪ್ಪ ಗೇಟಿನಲ್ಲೇ ನಿಲ್ಲಬೇಕಾಗುತ್ತದೆ. ಎಲ್ಲಿವರೆಗೆ ಬರಬಹುದು ಅಂತ ಬರೆಯುವುದೇ ಚೆಂದ. ಸಾಮಾನು ಏರಿಸುವ ದಿನ, ಇಳಿಸುವ ದಿನ ನಾನು ಜೊತೆಗಿದ್ದರೆ ಅಪ್ಪಂದಿರೂ ಮೇಲೆ ಬರಬಹುದು.

ಗೇಟು ರಾತ್ರಿ 9ಕ್ಕೆ. ತಡವಾದರೆ ಫೋನ್ ಮಾಡಬೇಕು, ಬಂದರೆ ತೆಗೆಯುತ್ತೇವೆ. ಹೊರಗೆ ನಿಲ್ಲಿಸುವ ನಿಯಮ ನಮ್ಮಲ್ಲಿ ಇಲ್ಲ. ಮೂರನೇ ಸಲ ಫೋನ್ ಇಲ್ಲದೆ ತಡವಾದರೆ ಮನೆಗೆ ಹೇಳುತ್ತೇವೆ ಅಂತ ಬರೆದಿದೆ, ಅಷ್ಟೇ.

ಈ ಭಾಗದಲ್ಲಿ ಮಾಲೀಕರು ಮರೆಯುವ ಒಬ್ಬ ಸಂದರ್ಶಕ ಇದ್ದಾನೆ. ಅದು ನಾವೇ. ಬಾಡಿಗೆಗೆ ಕೊಟ್ಟ ರೂಮಿಗೆ ನಾನು, ಪ್ಲಂಬರು, ಕಸ ಗುಡಿಸುವವರು ಯಾವಾಗ ಹೋಗಬಹುದು? ಒಮ್ಮೆ ನಾನು ಒಳ್ಳೆಯದಕ್ಕೇ ಅಂತ ಒಣಗಿದ ಬಟ್ಟೆ ತೆಗೆದು ಮಂಚದ ಮೇಲಿಟ್ಟು ಬಂದೆ. ಸಂಜೆ ಆ ಹುಡುಗಿ ಮುಖ ಊದಿಸಿಕೊಂಡಿದ್ದಳು. ಅವಳದೇನೂ ತಪ್ಪಿಲ್ಲ. ಈಗ ಕರಾರಿನಲ್ಲಿ ಇದೆ: ಬಾಗಿಲು ತಟ್ಟಿ, ಅವರಿದ್ದಾಗ. ಅವರಿಲ್ಲದಾಗ ಹೋಗಲೇಬೇಕಾದರೆ ಮೊದಲು ಮೆಸೇಜ್. ನೀರು ಸೋರುವುದು, ಕರೆಂಟ್ ಶಾರ್ಟ್ ಆಗುವುದು, ಇಂಥದ್ದಕ್ಕೆ ಮಾತ್ರ ಕಾಯುವುದಿಲ್ಲ.

ಹೆಜ್ಜೆ 6: ಸಹಿ

ಇಷ್ಟೆಲ್ಲ ಬರೆದರೂ ನಮ್ಮದು ಒಂದು ಹಾಳೆ, ಎರಡು ಬದಿ. ಅದಕ್ಕಿಂತ ಉದ್ದವಾದರೆ ಓದುವುದಿಲ್ಲ, ಸುಮ್ನೆ ಸಹಿ ಹಾಕಿಬಿಡುತ್ತಾರೆ. ಅಡ್ವಾನ್ಸ್ ತೆಗೆದುಕೊಳ್ಳುವ ಮೊದಲೇ ಹಾಳೆ ಕೊಡಿ. ಹಣ ಕೊಟ್ಟ ಮೇಲೆ ಕೊಟ್ಟ ಹಾಳೆಗೆ ಯಾರೂ ಬೇಡ ಅನ್ನಲಾರರು, ಅದು ಒಪ್ಪಿಗೆಯಲ್ಲ.

ಪಿಯುಸಿ ಮಕ್ಕಳಿದ್ದರೆ ಒಂದು ಎಚ್ಚರಿಕೆ. 18 ತುಂಬದವರು ಹಾಕಿದ ಸಹಿಗೆ ಕರಾರಿನ ಬೆಲೆ ಇಲ್ಲ. ಅಪ್ಪನೋ ಅಮ್ಮನೋ ಸಹಿ ಹಾಕಬೇಕು. 18 ದಾಟಿದವರದ್ದು ಅವರದೇ ಸಹಿ ಸಾಕು, ಆದರೂ ಹಣ ಕಳಿಸುವವರಿಗೆ ಒಂದು ಫೋಟೋ ನಾನು ಕಳಿಸುತ್ತೇನೆ. ನೋಟಿಸಿನ ಸಾಲನ್ನು ಮಾತ್ರ ಎದುರಿಗೆ ಕೂರಿಸಿ ಓದಿಸುತ್ತೇನೆ. 'ಇವತ್ತು ಮೆಸೇಜ್ ಹಾಕಿದರೆ ಕೊನೆಯ ದಿನ ಯಾವತ್ತು?' ಅಂತ ಕೇಳುತ್ತೇನೆ. ಬೆರಳು ಮಡಿಚಿ ಎಣಿಸಿ ಸರಿಯಾಗಿ ಹೇಳಿದರೆ ಸಹಿ.

ಇಷ್ಟಾದರೂ ಅಡ್ವಾನ್ಸ್ ಕೈ ಸೇರದಿದ್ದರೆ ಹುಡುಗಿಯರಿಗೆ ದಾರಿ ಇಲ್ಲದಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ 'ಸೇವೆ' ಅನ್ನೋದರೊಳಗೆ ಊಟ ವಸತಿ ಎರಡೂ ಹೆಸರು ಹಿಡಿದು ಸೇರಿವೆ. ಮೊದಲು 1915 ಸಹಾಯವಾಣಿಗೆ ದೂರು ಕೊಡಬಹುದು. ಆಮೇಲೂ ಆಗದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವೂ ಇಲ್ಲ. ಅಲ್ಲಿ ಮುಖ್ಯವಾಗಿ ಕೈಯಲ್ಲಿರಬೇಕಾದ್ದು ಮೂರು: ಸಹಿಯಾದ ಹಾಳೆ, ಹಣ ಕಳಿಸಿದ್ದಕ್ಕೆ ದಾಖಲೆ, ನೋಟಿಸಿನ ಮೆಸೇಜ್. ಹಾಗಾಗಿ ರೂಮು ಬಿಟ್ಟ ಖುಷಿಯಲ್ಲಿ ಮಾಲೀಕರ ಚಾಟ್ ಅಳಿಸಬೇಡಿ, ಅಡ್ವಾನ್ಸ್ ಬರುವವರೆಗಾದರೂ.

ದರ ಬದಲಿಸುವುದಿದ್ದರೆ ನಾವು ವರ್ಷಕ್ಕೊಮ್ಮೆ ಮಾತ್ರ, ಜೂನ್‌ನಲ್ಲಿ, ಅದನ್ನೂ ಏಪ್ರಿಲ್ ಕೊನೆಯೊಳಗೆ ಬರೆದು ತಿಳಿಸುತ್ತೇವೆ. ಒಪ್ಪದವರಿಗೆ 30 ದಿನದ ನೋಟಿಸ್ ಕೊಡಲು ಮೇ ತಿಂಗಳು ಪೂರ್ತಿ ಇರುತ್ತದೆ.